ಆಪರೇಷನ್ ಫೈಲಿನ ಆ ಒಂದು ಹಾಳೆ: ಟಿಕ್ ಸಾಲದು, ಗಂಟೆ ಬರೆದಿರಬೇಕು

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿದ್ದರೆ ಅವರ ಫೈಲಿನಲ್ಲಿ ‘ಸರ್ಜಿಕಲ್ ಸೇಫ್ಟಿ ಚೆಕ್‌ಲಿಸ್ಟ್’ ಎಂಬ ಒಂದು ಹಾಳೆ ಇರಬೇಕು. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದಿತು. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇದನ್ನು ಎಲ್ಲೆಡೆ ಜಾರಿಗೆ ತಂದ ಮೇಲೂ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲವೆಂದು 2014ರ ವರದಿ ಹೇಳಿತು. ಹಾಳೆ ತುಂಬಿದೆ ಎಂದ ಮಾತ್ರಕ್ಕೆ ತಪಾಸಣೆ ನಡೆದಿದೆ ಎಂದಲ್ಲ.

*ಮೂರು ಕಡೆ ನಿಲ್ಲಬೇಕು*

ಮೊದಲನೆಯದು ‘ಸೈನ್ ಇನ್’, ಅರಿವಳಿಕೆ ಕೊಡುವ ಮೊದಲು. ರೋಗಿಯ ಹೆಸರು, ಯಾವ ಆಪರೇಷನ್, ಯಾವ ಬದಿ, ಒಪ್ಪಿಗೆ ಪತ್ರ, ಅಲರ್ಜಿ ಇಲ್ಲಿ ಖಚಿತವಾಗಬೇಕು. ಎರಡನೆಯದು ‘ಟೈಮ್ ಔಟ್’, ಚರ್ಮ ಕೊಯ್ಯುವ ಮೊದಲು. ಎಲ್ಲರೂ ಕೈಕೆಲಸ ನಿಲ್ಲಿಸಿ, ರೋಗಿ ಯಾರು, ಏನು ಮಾಡುತ್ತಿದ್ದೇವೆ, ಆಂಟಿಬಯಾಟಿಕ್ ಕಳೆದ 60 ನಿಮಿಷದೊಳಗೆ ಕೊಟ್ಟಾಗಿದೆಯೇ ಎಂದು ಬಾಯಿಬಿಟ್ಟು ಹೇಳಬೇಕು. ಮೂರನೆಯದು ‘ಸೈನ್ ಔಟ್’, ರೋಗಿ ಥಿಯೇಟರ್ ಬಿಡುವ ಮೊದಲು. ಗಾಜ್, ಸೂಜಿ, ಉಪಕರಣಗಳ ಲೆಕ್ಕ ಸರಿಯಿದೆಯೇ, ಪರೀಕ್ಷೆಗೆ ಕಳಿಸುವ ತುಣುಕಿಗೆ ಹೆಸರಿನ ಚೀಟಿ ಅಂಟಿಸಿದೆಯೇ ಎಂದು ನೋಡಬೇಕು.

*ಚದುರಿದ ಟಿಪ್ಪಣಿ ಒಂದಾದಾಗ*

ಒಂದು ಉದಾಹರಣೆ ಮಾಡಿಕೊಳ್ಳೋಣ. 70 ವರ್ಷದ ತಾಯಿಯೊಬ್ಬರಿಗೆ ಎಡ ಎದೆಯ ಚರ್ಮದಡಿ ಪೇಸ್‌ಮೇಕರ್ ಕೂರಿಸಬೇಕು. ಅಂದಿನ ಬರಹ ಮೂರು ಕಡೆ ಹಂಚಿರುತ್ತದೆ. ವಾರ್ಡ್ ಔಷಧಿ ಹಾಳೆಯಲ್ಲಿ ‘8:05, ಸೆಫಜೋಲಿನ್ ಇಂಜೆಕ್ಷನ್’. ನರ್ಸ್ ಬೋರ್ಡಿನಲ್ಲಿ ‘ಗಾಜ್ 20, ನಂತರ 10, ಕೊನೆಗೆ 29, ಮತ್ತೆ ಎಣಿಸಿ 30’. ಡಾಕ್ಟರ ಆಪರೇಷನ್ ನೋಟಿನಲ್ಲಿ ‘9:15 ಮರಗಟ್ಟಿಸುವ ಇಂಜೆಕ್ಷನ್, 9:20 ಕೊಯ್ತ, 10:25 ಹೊರಗೆ’. ಚೆಕ್‌ಲಿಸ್ಟಿನಲ್ಲಿ ಮಾತ್ರ ಎಲ್ಲ ಚೌಕಗಳಿಗೂ ಟಿಕ್.

ಇವನ್ನು ಗಂಟೆಯ ಕ್ರಮದಲ್ಲಿ ಒಂದೇ ಹಾಳೆಗೆ ಇಳಿಸಿ. 8:05ರಿಂದ 9:20ಕ್ಕೆ 75 ನಿಮಿಷ. ‘60 ನಿಮಿಷದೊಳಗೆ’ ಎಂಬ ಚೌಕದ ಟಿಕ್ ಸುಳ್ಳಾಯಿತು. ಟೈಮ್ ಔಟ್‌ನಲ್ಲಿ ಯಾರಾದರೂ ‘ಎಂಟೂ ಐದಕ್ಕೆ ಕೊಟ್ಟಿದ್ದು’ ಎಂದು ಗಂಟೆ ಓದಿ ಹೇಳಿದ್ದರೆ, ಇನ್ನೊಂದು ಡೋಸ್ ಬೇಕೇ ಎಂದು ಕೊಯ್ಯುವ ಮೊದಲೇ ತೀರ್ಮಾನಿಸಬಹುದಿತ್ತು. ಪೇಸ್‌ಮೇಕರ್ ಇಟ್ಟ ಜಾಗ ಕೀವುಗಟ್ಟಿದರೆ ಬರೀ ಮಾತ್ರೆಯಿಂದ ವಾಸಿಯಾಗುವುದು ಅಪರೂಪ. ಸಾಮಾನ್ಯವಾಗಿ ಯಂತ್ರ, ತಂತಿ ಎರಡನ್ನೂ ತೆಗೆಯಬೇಕಾಗುತ್ತದೆ.

ಗಾಜ್ ಲೆಕ್ಕವನ್ನೂ ‘ಸರಿ’ ಎಂದಷ್ಟೇ ಬರೆಯಬಾರದು. ‘20+10=30; ಮೊದಲ ಎಣಿಕೆ 29; ಒಂದು ಹೊದಿಕೆ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿತು; ಎರಡನೇ ಎಣಿಕೆ 30’ ಎಂದು, ಎಣಿಸಿದವರ ಹೆಸರಿನೊಡನೆ ಬರೆಯಬೇಕು. ಸಿಗದಿದ್ದರೆ ಎಕ್ಸ್‌ರೇ ತೆಗೆಯಬೇಕು. ಥಿಯೇಟರ್ ಗಾಜ್‌ನಲ್ಲಿ ಎಕ್ಸ್‌ರೇಗೆ ಕಾಣುವ ಎಳೆಯೊಂದನ್ನು ಸೇರಿಸಿರುವುದು ಅದಕ್ಕಾಗಿಯೇ.

ಹೀಗೆ ಜೋಡಿಸುವಾಗ ಒಂದು ನಿಯಮ ಮುಖ್ಯ. ಯಾವ ಟಿಪ್ಪಣಿಯಲ್ಲೂ ಇಲ್ಲದ್ದನ್ನು ನೆನಪಿನಿಂದ ತುಂಬಬಾರದು. ಈ ಉದಾಹರಣೆಯಲ್ಲಿ ಅಲರ್ಜಿ ಕೇಳಿದ ಗುರುತು ಎಲ್ಲೂ ಇಲ್ಲ. ಅಲ್ಲಿ ‘ದಾಖಲಾಗಿಲ್ಲ’ ಎಂದೇ ಬರೆಯಬೇಕು. ಆ ಖಾಲಿ ಜಾಗ ಕಂಡರೆ ತಾನೇ ಮುಂದಿನ ರೋಗಿಯನ್ನು ಕೇಳುವುದು ತಪ್ಪದಿರುವುದು? ಹಾಗೆಯೇ ಗೋಡೆ ಗಡಿಯಾರ ಮತ್ತು ಮಾನಿಟರ್ ಗಡಿಯಾರದಲ್ಲಿ ಐದು ನಿಮಿಷದ ವ್ಯತ್ಯಾಸವಿದ್ದರೆ ಲೆಕ್ಕವೇ ತಪ್ಪುತ್ತದೆ; ಎಲ್ಲರೂ ಒಂದೇ ಗಡಿಯಾರ ನೋಡಿ ಬರೆಯಬೇಕು.

ದಾಖಲೆ ನಿಜವೇ ಎಂದು ತಿಳಿಯಲು ಗಂಟೆಗಳನ್ನು ಹೋಲಿಸಿದರೆ ಸಾಕು. ಸೈನ್ ಇನ್ ಅರಿವಳಿಕೆಗಿಂತ ಮೊದಲು, ಟೈಮ್ ಔಟ್ ಕೊಯ್ತಕ್ಕಿಂತ ಮೊದಲು, ಸೈನ್ ಔಟ್ ರೋಗಿ ಹೊರಬರುವುದಕ್ಕಿಂತ ಮೊದಲು ಇರಬೇಕು. ಮೂರಕ್ಕೂ ಒಂದೇ ಗಂಟೆ ಇದ್ದರೆ ಕೊನೆಯಲ್ಲಿ ಕೂತು ತುಂಬಿದ ಹಾಳೆ ಎಂದೇ ತಿಳಿಯಿರಿ.

*ಮನೆಯವರು ಏನು ಮಾಡಬೇಕು?*

ಮುಂಬೈ, ಪುಣೆ, ಹೈದರಾಬಾದಿನಲ್ಲಿರುವ ನಮ್ಮವರಿಗೆ ಇನ್ನೊಂದು ತೊಡಕಿದೆ. ಊರಿಂದ ಬಂದ ಅಮ್ಮನಿಗೆ ಕನ್ನಡ ಮಾತ್ರ ಬರುತ್ತದೆ. ಸಿಸ್ಟರ್ ಹಿಂದಿಯಲ್ಲಿ ‘ನೀವು ಇಂಥವರೇ ತಾನೇ?’ ಎಂದರೆ ಅಮ್ಮ ಸುಮ್ಮನೆ ತಲೆಯಾಡಿಸುತ್ತಾರೆ. ತಲೆಯಾಡಿಸಿದ್ದು ಉತ್ತರವಲ್ಲ, ರೋಗಿಯೇ ತನ್ನ ಹೆಸರು ಹೇಳಿ, ಬದಿಯನ್ನು ಕೈಯಿಟ್ಟು ತೋರಿಸಬೇಕು. ಆದ್ದರಿಂದ ‘ಕನ್ನಡ ಮಾತ್ರ ಬರುತ್ತದೆ’ ಎಂದು ಫೈಲಿನಲ್ಲಿ ಬರೆಸಿ, ಸೈನ್ ಇನ್ ಮುಗಿಯುವವರೆಗೆ ಒಬ್ಬರು ಜೊತೆಗಿರಲು ಅನುಮತಿ ಕೇಳಿ. ಅಲರ್ಜಿ ಮತ್ತು ರಕ್ತ ತೆಳುಮಾಡುವ ಮಾತ್ರೆಗಳ ಹೆಸರನ್ನು, ಕೊನೆಯ ಡೋಸ್ ಯಾವಾಗ ತೆಗೆದುಕೊಂಡಿದ್ದು ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ.

ಆಪರೇಷನ್ ನಂತರ ದಾಖಲೆಗಳ ಪ್ರತಿ ಕೇಳುವುದು ನಿಮ್ಮ ಹಕ್ಕು. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿಯೊಂದನ್ನೇ ತೆಗೆದುಕೊಂಡು ಬರಬೇಡಿ. ಆಪರೇಷನ್ ನೋಟ್, ಅರಿವಳಿಕೆ ಹಾಳೆ, ಚೆಕ್‌ಲಿಸ್ಟ್ ಮೂರನ್ನೂ ಕೇಳಿ. ನಾಳೆ ಗಾಯದಲ್ಲಿ ಸೋಂಕೋ ನೋವೋ ಕಂಡು ಬೇರೆ ಊರಿನ ಡಾಕ್ಟರ ಬಳಿ ಹೋದರೆ, ಅವರು ಮೊದಲು ಹುಡುಕುವುದು ಆ ಗಂಟೆಗಳನ್ನೂ ಆ ಎಣಿಕೆಯನ್ನೂ.