ಮಂಕರಿಯೊಳಗಿನ ಇಪ್ಪತ್ತೊಂದು ದಿನ

ತುರುವೇಕೆರೆ ಕಡೆಯ ನಮ್ಮ ಅತ್ತೆಯ ಮನೆಯಲ್ಲಿ ಅಟ್ಟದ ಏಣಿಯ ಕೆಳಗೆ ಒಂದು ಬಿದಿರಿನ ಮಂಕರಿ ಇದೆ. ಕಂದು ಬಣ್ಣದ ಹೇಟೆಯೊಂದು ಅದರಲ್ಲಿ ದಿನಾ ಬೆಳಿಗ್ಗೆ ಮೊಟ್ಟೆ ಇಟ್ಟು, ಕೂಗಿ ಊರಿಗೆಲ್ಲ ಸಾರಿ, ಇಳಿದು ಹೋಗುತ್ತಿತ್ತು. ಸಂಕ್ರಾಂತಿ ಕಳೆದ ಮೇಲೊಂದು ದಿನ ಅದು ಇಳಿಯಲಿಲ್ಲ. ಕೈ ಹಾಕಲು ಹೋದರೆ ಪುಕ್ಕ ಕೆದರಿಕೊಂಡು ಎರಡರಷ್ಟು ದಪ್ಪವಾಯಿತು. ಗಂಟಲಲ್ಲಿ ಕೊರ್ ಎಂದು ಎಳೆದು ನನ್ನ ಬೆರಳಿಗೆ ಕುಕ್ಕಿತು. ಅತ್ತೆ ಅಡುಗೆಮನೆಯಿಂದಲೇ ಹೇಳಿದರು, "ಮುಟ್ಬೇಡ ಕಣೋ, ಕಾವಿಗೆ ಬಂದವ್ಳೆ."

ನಾಟಿ ಹೇಟೆ ಹನ್ನೆರಡರಿಂದ ಹದಿನೈದು ಮೊಟ್ಟೆ ಇಟ್ಟ ಮೇಲೆ ಹೀಗೆ ಕಾವಿಗೆ ಬರುತ್ತದೆ. ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಮೊಟ್ಟೆ ಇಡುವುದು ನಿಲ್ಲುತ್ತದೆ. ಎದೆ ಹೊಟ್ಟೆಯ ಪುಕ್ಕ ಉದುರಿ, ಚರ್ಮ ನೇರವಾಗಿ ಮೊಟ್ಟೆಗೆ ತಾಕುವಂತೆ ಬರಿದಾಗುತ್ತದೆ. ಆದರೆ ಒಂದು ಮಧ್ಯಾಹ್ನ ಕೂತ ಮಾತ್ರಕ್ಕೆ ಕಾವು ಬಂತೆಂದು ನಂಬುವಂತಿಲ್ಲ. ಎರಡು ರಾತ್ರಿ ಅಲ್ಲೇ ಕೂತಿರಬೇಕು. ಅದಕ್ಕಾಗಿ ಅತ್ತೆ ಮಂಕರಿಯಲ್ಲಿ ಹಳೆಯ ಮೊಟ್ಟೆ ಎರಡನ್ನು ಬಿಟ್ಟು, ಒಳ್ಳೆಯವನ್ನೆಲ್ಲ ಬೇರೆ ಕಡೆ ತೆಗೆದಿಟ್ಟಿದ್ದರು.

ಬೇರೆ ಕಡೆ ಎಂದರೆ ನೀರಿನ ಹರವಿಯ ಪಕ್ಕ, ಒದ್ದೆ ಮರಳು ತುಂಬಿದ ಅಗಲ ಬಾನಿಯ ಮೇಲೆ ಕೂರಿಸಿದ ಒಂದು ಸಣ್ಣ ಮಡಕೆ. ಕೋಣೆಯ ಬಿಸಿ ಹೆಚ್ಚಾದರೆ ಮೊಟ್ಟೆಯೊಳಗಿನ ಜೀವ ಅರೆಬರೆ ಚಿಗುರಿ ಅಲ್ಲೇ ಸಾಯುತ್ತದೆ. ಫ್ರಿಜ್ಜಿನ ಚಳಿಗೂ ಸಾಯುತ್ತದೆ. ಮಡಕೆಯೊಳಗೆ ತಂಪು ಹದವಾಗಿ ನಿಲ್ಲುತ್ತದೆ. ಅಗಲದ ತುದಿ ಮೇಲಾಗಿ ಇಟ್ಟ ಮೊಟ್ಟೆಯನ್ನು ದಿನಕ್ಕೊಮ್ಮೆ ಸ್ವಲ್ಪ ವಾಲಿಸುತ್ತಾರೆ. ಒಂದು ವಾರ ದಾಟಿದ್ದನ್ನು ಸಾರಿಗೆ ಹಾಕುತ್ತಾರೆ, ಕಾವಿಗೆ ಇಡುವುದಿಲ್ಲ. ಗಲೀಜಾದ ಮೊಟ್ಟೆಯನ್ನು ತೊಳೆಯುವುದೂ ಇಲ್ಲ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದಿದೆ. ನೀರು ಬಿದ್ದರೆ ಅದು ಹೋಗಿ, ಸಣ್ಣ ರಂಧ್ರಗಳಿಂದ ರೋಗದ ಕ್ರಿಮಿ ಒಳಗಿಳಿಯುತ್ತದೆ.

ಮೂರನೆಯ ದಿನ ಗುರುವಾರ. ಅತ್ತೆ ಅದೇ ಮಂಕರಿಯನ್ನು ಅಣಿಮಾಡಿದರು. ಹೊಸ ಜಾಗಕ್ಕೆ ಒಯ್ದರೆ ಹೇಟೆ ಹಳೆಯ ಜಾಗಕ್ಕೇ ವಾಪಸು ಹೋಗಿ ಬರೀ ನೆಲದ ಮೇಲೆ ಕೂರುವುದುಂಟು. ತಳಕ್ಕೆ ನಾಲ್ಕು ಬೆರಳು ಮರಳು, ಅದರ ಮೇಲೆ ಒಲೆಯ ಬೂದಿ, ಬೇವಿನ ಸೊಪ್ಪು, ಆಮೇಲೆ ಭತ್ತದ ಹುಲ್ಲು. ನಡುವೆ ಅಂಗೈಯಿಂದ ಒತ್ತಿ ತಟ್ಟೆಯಂತೆ ಗುಂಡಿ ಮಾಡಿದರು. ಗುಂಡಿ ಆಳವಾದರೆ ಮೊಟ್ಟೆಗಳು ಒಂದರ ಮೇಲೊಂದು ಬಿದ್ದು ಒಡೆಯುತ್ತವೆ, ಮಟ್ಟವಾಗಿದ್ದರೆ ಅಂಚಿನವು ಹೊರಗೆ ಉರುಳಿ ತಣ್ಣಗಾಗುತ್ತವೆ. ಬೂದಿ ಮತ್ತು ಬೇವು ಹೇನಿಗಾಗಿ. ಮೂರು ವಾರ ಅಲುಗಾಡದೆ ಕೂರುವ ಕೋಳಿಯ ಮೈಯಲ್ಲಿ ಹೇನು ಹತ್ತಿದರೆ ಅದು ನಡುವೆಯೇ ಎದ್ದು ಹೋಗುತ್ತದೆ. ಹಾಗಾಗಿ ಕೂರಿಸುವ ಮೊದಲು ರೆಕ್ಕೆಯ ಕೆಳಗೂ ಬಾಲದ ಬುಡದಲ್ಲೂ ಪುಕ್ಕ ಬಿಡಿಸಿ ನೋಡಿದರು. ಕೊನೆಗೆ ಒಂದು ಮೊಳೆ, ಒಂದು ಇದ್ದಲ ತುಂಡು, ಒಣಮೆಣಸಿನಕಾಯಿಯನ್ನೂ ಹುಲ್ಲಿನ ಸಂದಿಗೆ ಸಿಕ್ಕಿಸಿದರು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು. ಗುಡುಗಿಗೆ ಮೊಟ್ಟೆ ಕೆಡುವುದಿಲ್ಲ ಎಂದು ನಾನು ವಾದಿಸಿದೆ. "ಇದ್ರೆ ನಿಂಗೇನು ಭಾರ?" ಎಂದರು. ಭಾರವೇನೂ ಇಲ್ಲ, ನಿಜ.

ಕತ್ತಲಾದ ಮೇಲೆ 13 ಮೊಟ್ಟೆ ಇಟ್ಟು ಹೇಟೆಯನ್ನು ಬಿಟ್ಟರು. ಕತ್ತಲಲ್ಲಿ ಕೋಳಿಗೆ ಓಡಾಡಲು ಮನಸ್ಸಾಗದು. ಬೆಳಗಾಗುವಷ್ಟರಲ್ಲಿ ಮೊಟ್ಟೆಗೆ ಹೊಂದಿಕೊಂಡಿರುತ್ತದೆ. ನಾಟಿ ಹೇಟೆಯ ರೆಕ್ಕೆಯಡಿ ಹನ್ನೆರಡು ಹದಿಮೂರಕ್ಕಿಂತ ಹೆಚ್ಚು ಸೇರಿಸಿದರೆ ಲಾಭವಿಲ್ಲ. ಹೊರಗುಳಿಯುವ ಮೊಟ್ಟೆ ದಿನಾ ಬೇರೆ ಬೇರೆಯಾಗುವುದರಿಂದ ಒಂದೊಂದಾಗಿ ಎಲ್ಲಕ್ಕೂ ಚಳಿ ತಾಗುತ್ತದೆ. ಗಿರಿರಾಜದಂಥ ತಳಿಯ ಕೋಳಿಗಳು ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯನ್ನು ನಾಟಿ ಹೇಟೆಯ ಅಡಿಗೇ ಇಡುವವರಿದ್ದಾರೆ. ಆ ಮೊಟ್ಟೆ ದೊಡ್ಡದು, ಹಾಗಾಗಿ ಎಣಿಕೆಯಲ್ಲಿ ಎರಡು ಮೂರು ಕಡಿಮೆ ಮಾಡಬೇಕು.

ಪ್ರತಿ ಮೊಟ್ಟೆಯ ಮೇಲೂ ಅತ್ತೆ ಇದ್ದಲಿನಿಂದ ಒಂದು ಗೀಟು ಎಳೆದಿದ್ದರು. ಕಾರಣ ನಾಲ್ಕನೆಯ ದಿನ ತಿಳಿಯಿತು. ಹೇಟೆ ಮೇವಿಗೆ ಎದ್ದಾಗ ಇನ್ನೊಂದು ಕೋಳಿ ಬಂದು ಅಲ್ಲೇ ಮೊಟ್ಟೆ ಇಟ್ಟು ಹೋಗಿತ್ತು. ಗೀಟಿಲ್ಲದ ಆ ಮೊಟ್ಟೆಯನ್ನು ಅಂದೇ ತೆಗೆದರು. ಅದನ್ನು ಬಿಟ್ಟಿದ್ದರೆ ನಾಲ್ಕು ದಿನ ತಡವಾಗಿ ಒಡೆಯಬೇಕಿತ್ತು. ಅಷ್ಟರಲ್ಲಿ ಹೇಟೆ ಮೊದಲ ಪಿಳ್ಳೆಗಳನ್ನು ಕರೆದುಕೊಂಡು ಹೊರಟುಬಿಡುತ್ತದೆ.

ಇಲ್ಲಿಂದ ಮುಂದೆ ಮನುಷ್ಯರಿಗೆ ಕೆಲಸ ಕಡಿಮೆ. ಹೇಟೆ ಕೊಕ್ಕಿನಿಂದಲೇ ಮೊಟ್ಟೆ ಹೊರಳಿಸುತ್ತದೆ, ನಡುವಿನದನ್ನು ಅಂಚಿಗೂ ಅಂಚಿನದನ್ನು ನಡುವಿಗೂ ದಬ್ಬುತ್ತದೆ. ದಿನಕ್ಕೊಮ್ಮೆ ಎದ್ದು ಹದಿನೈದು ಇಪ್ಪತ್ತು ನಿಮಿಷ ಮೇಯುತ್ತದೆ, ನೀರು ಕುಡಿಯುತ್ತದೆ, ಬೂದಿಗುಂಡಿಯಲ್ಲಿ ಹೊರಳಾಡುತ್ತದೆ, ಗಬ್ಬುನಾತದ ದೊಡ್ಡ ಹಿಕ್ಕೆಯೊಂದನ್ನು ಹಾಕಿ ವಾಪಸಾಗುತ್ತದೆ. ಆ ಹೊತ್ತಿಗೆ ಮೊಟ್ಟೆ ತಣ್ಣಗಾದರೂ ಏನೂ ಆಗದು. ಏಳದೇ ಹೋದರೆ ಮಾತ್ರ ಅತ್ತೆ ತಾವೇ ಎತ್ತಿ ಅಂಗಳಕ್ಕೆ ಬಿಡುತ್ತಾರೆ. ಇಲ್ಲವಾದರೆ ಮಂಕರಿಯಲ್ಲೇ ಹೇತು ಮೊಟ್ಟೆ ಕೆಡಿಸುತ್ತದೆ. ಎತ್ತುವಾಗ ರೆಕ್ಕೆಯಡಿ ಬೆರಳಾಡಿಸಿ ನೋಡಬೇಕು, ಅಲ್ಲಿ ಸಿಕ್ಕಿಕೊಂಡ ಮೊಟ್ಟೆ ಬಿದ್ದು ಒಡೆಯುವುದುಂಟು. ಮೇವು ಇಡಿ ಮುಸುಕಿನ ಜೋಳ ಮತ್ತು ರಾಗಿ. ಹೊಟ್ಟೆಯಲ್ಲಿ ನಿಧಾನ ಕರಗುತ್ತವೆ, ಹಿಕ್ಕೆಯೂ ಗಟ್ಟಿ.

ಏಳನೆಯ ರಾತ್ರಿ ನನ್ನ ಮೊಬೈಲಿನ ಟಾರ್ಚು ಉಪಯೋಗಕ್ಕೆ ಬಂತು. ರಟ್ಟನ್ನು ಸುರುಳಿ ಸುತ್ತಿ, ಅದರ ಬಾಯಿಗೆ ಮೊಟ್ಟೆಯ ಅಗಲದ ತುದಿ ಒತ್ತಿ ಬೆಳಕು ಬಿಟ್ಟೆವು. ಒಳಗೆ ಕೆಂಪು ಜೇಡನೊಂದು ಕಾಲು ಚಾಚಿದಂತೆ ರಕ್ತನಾಳ, ನಡುವೆ ಕಪ್ಪು ಚುಕ್ಕೆ. ನೋಡುತ್ತಿದ್ದಂತೆ ಚುಕ್ಕೆ ಮಿಸುಕಿತು. ಎರಡು ಮೊಟ್ಟೆ ಮಾತ್ರ ಒಳಗೆ ಹಳದಿ ದೀಪ ಹಚ್ಚಿದಂತೆ ತಿಳಿಯಾಗಿದ್ದವು: ಗೊಡ್ಡು. ಹುಂಜದ ಬೀಜ ತಾಕಿಲ್ಲ. ಹತ್ತು ಹೇಟೆಗೆ ಒಂದು ಹುಂಜ ಇರಬೇಕೆಂದು ಲೆಕ್ಕ. ಅತ್ತೆಯ ಹುಂಜಕ್ಕೆ ಹದಿನಾಲ್ಕು ಹೇಟೆ, ಅದೂ ವಯಸ್ಸಾದದ್ದು. ಹದಿನಾಲ್ಕನೆಯ ರಾತ್ರಿ ಮತ್ತೆ ನೋಡಿದಾಗ ಹತ್ತು ಮೊಟ್ಟೆಯೊಳಗೆ ಮುಕ್ಕಾಲು ಭಾಗ ಕಪ್ಪು ತುಂಬಿತ್ತು. ಒಂದರಲ್ಲಿ ನಾಳಗಳು ಅಳಿಸಿ, ರಕ್ತ ಉಂಗುರದಂತೆ ಗೀಟಾಗಿ ನಿಂತಿತ್ತು. ಅದು ಸತ್ತದ್ದು. ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತದೆಂದು ತೆಗೆದರು.

ಎರಡು ಹೇಟೆ ಒಂದೇ ದಿನ ಕೂರಿಸಿದವರಿಗೆ ಇಲ್ಲೊಂದು ಅನುಕೂಲವಿದೆ. ಗೊಡ್ಡು ತೆಗೆದ ಮೇಲೆ ಉಳಿದ ಮೊಟ್ಟೆ ಕಡಿಮೆಯಿದ್ದರೆ ಎಲ್ಲವನ್ನೂ ಒಂದರ ಅಡಿಗೆ ಸೇರಿಸಿ, ಇನ್ನೊಂದನ್ನು ಕಾವಿನಿಂದ ಬಿಡಿಸಬಹುದು. ಬಿಡಿಸಲು ನೀರಲ್ಲಿ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು ಹಳೆಯ ರೂಢಿ. ಎರಡೂ ಹಿಂಸೆ. ತಳದಲ್ಲಿ ಗಾಳಿಯಾಡುವ ಜಾಲರಿ ಪಂಜರದಲ್ಲಿ, ಹುಲ್ಲು ಹಾಕದೆ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಹೊಟ್ಟೆ ತಂಪಾಗಿ ಕಾವು ತಾನೇ ಇಳಿಯುತ್ತದೆ.

ಹದಿನೆಂಟರ ಮೇಲೆ ಮೊಟ್ಟೆ ಮುಟ್ಟುವಂತಿಲ್ಲ. ಒಳಗಿನ ಪಿಳ್ಳೆ ಕೊಕ್ಕನ್ನು ಗಾಳಿಗೂಡಿನತ್ತ ತಿರುಗಿಸಿಕೊಂಡಿರುತ್ತದೆ. ಇಪ್ಪತ್ತನೆಯ ದಿನ ಬುಧವಾರ ಸಂಜೆ ಮಂಕರಿಗೆ ಕಿವಿಗೊಟ್ಟರೆ ಚೀ ಚೀ ಎಂಬ ಸಣ್ಣ ಸದ್ದು. ಹೇಟೆ ಮೆಲ್ಲಗೆ ಕೊಕ್ ಕೊಕ್ ಎಂದು ಉತ್ತರ ಕೊಡುತ್ತಿತ್ತು. ಗುರುವಾರ ಬೆಳಿಗ್ಗೆ ಮೊದಲ ಸಿಪ್ಪೆಯಲ್ಲಿ ನಕ್ಷತ್ರದಂಥ ಬಿರುಕು.

ಎಲ್ಲರೂ ತಪ್ಪುವುದು ಈ ಹೊತ್ತಿನಲ್ಲಿ. ಬಿರುಕು ಬಿಟ್ಟ ಮೇಲೆ ಪಿಳ್ಳೆ ಹೊರಬರಲು ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಸುಮ್ಮನೆ ಬಿದ್ದಂತೆ ಕಂಡರೂ ಅದು ಪೊರೆಯ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತ, ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಸೇರಿಸಿಕೊಳ್ಳುತ್ತ ಇರುತ್ತದೆ. ಎಂಟು ವರ್ಷದವನಿದ್ದಾಗ ಇದೇ ಮನೆಯಲ್ಲಿ, ಪಾಪವೆಂದು ಒಂದರ ಸಿಪ್ಪೆ ಸುಲಿದಿದ್ದೆ. ಬೆರಳಿಗೆ ರಕ್ತ ಹತ್ತಿತು. ಸಂಜೆಗೆ ಪಿಳ್ಳೆ ಸತ್ತಿತು. ಅತ್ತೆ ಬೈಯಲಿಲ್ಲ, ಅದಕ್ಕೇ ಇನ್ನೂ ನೆನಪಿದೆ. ಈ ಸಲ ಶುಕ್ರವಾರ ಬೆಳಿಗ್ಗೆಗೆ ಒಂಬತ್ತು ಪಿಳ್ಳೆ ಒಣಗಿ ಹತ್ತಿಯುಂಡೆಗಳಾಗಿದ್ದವು. ಹತ್ತನೆಯದು ಬಿರುಕು ಬಿಡದೆಯೇ ಉಳಿಯಿತು.

ಹಳದಿ ಹೊಟ್ಟೆಯಲ್ಲಿರುವುದರಿಂದ ಮೊದಲ ಒಂದು ದಿನ ಪಿಳ್ಳೆಗೆ ಏನೂ ಬೇಡ. ಆಮೇಲೆ ಮೊದಲು ನೀರು. ಆಳವಿಲ್ಲದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಅವುಗಳ ಸಂದಿಯಲ್ಲಿ ಮಾತ್ರ ನೀರು ನಿಲ್ಲುವಂತೆ ಇಡಬೇಕು. ಬಟ್ಟಲಿನಲ್ಲಿಟ್ಟರೆ ಬಿದ್ದು ಮುಳುಗುತ್ತವೆ. ಮೇವಿಗೆ ಅಕ್ಕಿನುಚ್ಚು, ರಾಗಿ ಎಂದು ಹಳ್ಳಿಯಲ್ಲಿ ನಿಲ್ಲಿಸಿಬಿಡುತ್ತಾರೆ. ಬರೀ ನುಚ್ಚು ತಿಂದ ಪಿಳ್ಳೆಯ ರೆಕ್ಕೆ ಜೋಲುತ್ತದೆ, ಕಾಲು ಸೊಟ್ಟಗಾಗುತ್ತದೆ. ಅಂಗಡಿಯ ಮರಿಕೋಳಿ ಆಹಾರದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನು ಇರುತ್ತದೆ. ಮೊದಲ ತಿಂಗಳು ಅದನ್ನು ಬೆರೆಸುವುದು ಲೇಸು. ಅತ್ತೆ ಇದಕ್ಕೆ ಗೆದ್ದಲು ಸೇರಿಸುತ್ತಾರೆ. ಒಡಕು ಮಡಕೆಗೆ ಒಣ ಸಗಣಿ, ಹರಕು ಗೋಣಿ ತುಂಬಿ ನೀರು ಚಿಮುಕಿಸಿ, ಸಂಜೆ ಹುತ್ತದ ಬಳಿ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ತುಂಬಿರುತ್ತದೆ. ಅದನ್ನು ಕೊಡವಿದ ಕೂಡಲೇ ಹೇಟೆ ಕರೆಯುವ ದನಿಯೇ ಬೇರೆ.

ಮೊಟ್ಟೆಯಲ್ಲಿ ಹೋಗುವುದಕ್ಕಿಂತ ಹೆಚ್ಚು ಜೀವ ಹೋಗುವುದು ಮೊದಲ ತಿಂಗಳಲ್ಲಿ. ಮೂರನೆಯ ದಿನವೇ ಹೇಟೆ ಹಿತ್ತಲಿನ ತುದಿಯವರೆಗೆ ಹೊರಟರೆ ಹಿಂದೆ ಬಿದ್ದ ಪಿಳ್ಳೆ ಇಬ್ಬನಿಯ ಹುಲ್ಲಲ್ಲಿ ನೆನೆದು ನಡುಗುತ್ತದೆ. ಅದಕ್ಕೆ ಹತ್ತು ದಿನ ಹೇಟೆಯನ್ನು ಪಂಜರದೊಳಗೆ ಕೂಡಿ, ಪಿಳ್ಳೆಗಳು ಸಂದಿಯಲ್ಲಿ ಹೊರಗೆ ಹೋಗಿ ಬರುವಂತೆ ಬಿಡುತ್ತಾರೆ. ಹನ್ನೊಂದನೆಯ ದಿನ ಬಿಟ್ಟರು, ಹದಿಮೂರನೆಯ ದಿನ ಗಿಡುಗ ಒಂದನ್ನು ಎತ್ತಿಕೊಂಡು ಹೋಯಿತು. ಆಮೇಲೆ ಅಂಗಳಕ್ಕೆ ಹಳೆಯ ಮೀನುಬಲೆ ಕಟ್ಟಿದೆವು. ರಾತ್ರಿ ಗೂಡಿನ ಬಾಗಿಲಿಗೆ ಅರ್ಧ ಇಂಚಿನ ಜಾಲರಿ. ಅದಕ್ಕಿಂತ ದೊಡ್ಡ ಕಿಂಡಿಯಲ್ಲಿ ಹಾವು ಸಲೀಸಾಗಿ ನುಗ್ಗುತ್ತದೆ.

ಕೊಕ್ಕರೆ ರೋಗದ ಲಸಿಕೆಯನ್ನು ಏಳನೆಯ ದಿನವೇ ಕಣ್ಣಿಗೆ ಒಂದು ತೊಟ್ಟು ಹಾಕಿಸಿದ್ದರು. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು ಶುರುವಾದ ಮೇಲೆ ಈ ರೋಗಕ್ಕೆ ಮದ್ದಿಲ್ಲ; ಬೇಸಿಗೆಯಲ್ಲಿ ಬಂದರೆ ಬೀದಿಗೆ ಬೀದಿಯೇ ಖಾಲಿ. ನಾಲ್ಕನೆಯ ವಾರ ಮತ್ತೊಂದು ತೊಟ್ಟು, ಎಂಟನೆಯ ವಾರ ಸೂಜಿ. ಲಸಿಕೆಯ ಸೀಸೆ ನೂರು ಕೋಳಿಗೆ ಆಗುವಷ್ಟು ಬರುತ್ತದೆ, ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಒಂಬತ್ತು ಪಿಳ್ಳೆಗಾಗಿ ಯಾರು ತರುತ್ತಾರೆ? ಅತ್ತೆ ಬೀದಿಯ ಆರು ಮನೆಯವರನ್ನು ಒಂದೇ ಬೆಳಿಗ್ಗೆ ಪಿಳ್ಳೆ ಹಿಡಿದು ಬರುವಂತೆ ಮಾಡಿದ್ದರು. ಸೀಸೆಯ ಹಣ ಹಂಚಿಕೊಂಡರೆ ಒಬ್ಬೊಬ್ಬರಿಗೆ ಕಾಫಿಯ ದುಡ್ಡು.

ಐದನೆಯ ವಾರ ಒಂದು ಪಿಳ್ಳೆ ಮುದುರಿ ಕೂತು ರಕ್ತದ ಹಿಕ್ಕೆ ಹಾಕಿತು. ಒದ್ದೆ ನೆಲದಿಂದ ಬರುವ ಕಾಕ್ಸಿಡಿಯೋಸಿಸ್. ಪಶುವೈದ್ಯರು ನೀರಿಗೆ ಬೆರೆಸುವ ಔಷಧಿ ಕೊಟ್ಟರು, ಗೂಡಿನ ಹೊಟ್ಟು ಬದಲಿಸಿದೆವು. ಅದು ಸತ್ತಿತು, ಉಳಿದ ಏಳಕ್ಕೆ ಹರಡಲಿಲ್ಲ.

ಎಂಟನೆಯ ವಾರದ ಒಂದು ಬೆಳಿಗ್ಗೆ ನುಚ್ಚು ಹಾಕಿದಾಗ ಹೇಟೆ ತನ್ನದೇ ಪಿಳ್ಳೆಯ ನೆತ್ತಿಗೆ ಕುಕ್ಕಿ ಓಡಿಸಿತು. ಪಿಳ್ಳೆ ಪೆಚ್ಚಾಗಿ ನಿಂತು ಮತ್ತೆ ಹತ್ತಿರ ಬಂತು, ಮತ್ತೆ ಕುಕ್ಕಿತು. ಅತ್ತೆ ಅದನ್ನು ನೋಡಿದವರೇ ಮಂಕರಿ ಇಳಿಸಿ, ಹಳೆಯ ಹುಲ್ಲು ಸುಟ್ಟು, ಬಿಸಿಲಿಗೆ ಬೋರಲು ಹಾಕಿದರು.