ಕಚೇರಿ ಸಮಯ ಬದಲಾಯಿತು ಎಂಬ ಮೇಲ್ ಬಂದಾಗ

ಬೆಂಗಳೂರಿನ ಒಂದು ಖಾಸಗಿ ಕಚೇರಿಯ ಸಿಬ್ಬಂದಿಗೆ ಎಚ್‌ಆರ್ ವಿಭಾಗದಿಂದ ಇಂಥದ್ದೊಂದು ಮೇಲ್ ಬಂದಿದೆ ಎಂದುಕೊಳ್ಳಿ: “ಮುಂದಿನ ತಿಂಗಳ 1ರಿಂದ ಕಚೇರಿ ಸಮಯ ಬೆಳಗ್ಗೆ 9ರಿಂದ ಸಂಜೆ 6.30. ಊಟಕ್ಕೆ 1ರಿಂದ 1.30. ಎರಡನೇ, ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಮಧ್ಯಾಹ್ನ 1ರವರೆಗೆ ಕೆಲಸ. ಕ್ಯಾಶುಯಲ್, ಸಿಕ್, ಅರ್ನ್ಡ್ ಲೀವ್‌ಗಳನ್ನು ಒಟ್ಟುಗೂಡಿಸಿ ವರ್ಷಕ್ಕೆ 18 ದಿನ ರಜೆ. ಬಳಸದೆ ಉಳಿದದ್ದು ಡಿಸೆಂಬರ್ 31ಕ್ಕೆ ರದ್ದು.”

ಓದಿದವರಿಗೆ ಮೊದಲು ಹೊಳೆಯುವುದು ಬಸ್ಸಿನ ಸಮಯ, ಮಕ್ಕಳನ್ನು ಶಾಲೆಗೆ ಬಿಡುವ ಚಿಂತೆ. ಅದು ಸಹಜವೇ. ಆದರೆ ಈ ಮೇಲ್‌ನ ಪ್ರತಿ ಸಾಲಿನ ಹಿಂದೆಯೂ ಒಂದು ಕಾನೂನಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಖಾಸಗಿ ಕಚೇರಿಗಳ ಕೆಲಸದ ಗಂಟೆ ಮತ್ತು ರಜೆಗೆ ಗೆರೆ ಎಳೆದಿದೆ. ಆಡಳಿತ ಸ್ಥಾನದಲ್ಲಿರುವವರನ್ನು ಬಿಟ್ಟು ಉಳಿದ ನೌಕರರಿಗೆ ಅದು ರಕ್ಷಣೆ. ಮೇಲ್ ಆ ಗೆರೆಯೊಳಗಿದೆಯೇ ಎಂದು ತಿಳಿಯಲು ವಕೀಲರೇ ಬೇಕಿಲ್ಲ, ಕೂಡಿಸಿ ಕಳೆಯಲು ಬಂದರೆ ಸಾಕು.

ಮೊದಲು ಸಮಯದ ಲೆಕ್ಕ. ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿ ಸಾಮಾನ್ಯ ಕೆಲಸ ಮಾಡಿಸುವಂತಿಲ್ಲ. ಇಲ್ಲಿ ಒಂಬತ್ತೂವರೆ ಗಂಟೆಯಲ್ಲಿ ಊಟದ ಅರ್ಧ ಗಂಟೆ ಕಳೆದರೆ ಉಳಿಯುವುದು ಸರಿಯಾಗಿ 9. ದಿನದ ಮಟ್ಟಿಗೆ ತಕರಾರಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ 45 ಗಂಟೆ. ಅದಕ್ಕೆ ಶನಿವಾರದ 4 ಗಂಟೆ ಸೇರಿಸಿದರೆ 49. ಶನಿವಾರ ಕೆಲಸವಿರುವ ಪ್ರತಿ ವಾರವೂ ಮಿತಿ ಒಂದು ಗಂಟೆ ದಾಟುತ್ತದೆ. ಹೀಗೆ ಮಿತಿ ದಾಟಿದ ದುಡಿಮೆಯನ್ನು ಓವರ್‌ಟೈಮ್ ಎಂದು ಪರಿಗಣಿಸಿ ಎರಡರಷ್ಟು ದರದಲ್ಲಿ ಕೂಲಿ ಕೊಡಬೇಕು. ಮೇಲ್‌ನಲ್ಲಿ ಅದರ ಸುಳಿವೇ ಇಲ್ಲ.

ಊಟದ ಸಮಯದಲ್ಲೂ ತೊಡಕಿದೆ. ಸತತ 5 ಗಂಟೆಗಿಂತ ಹೆಚ್ಚು ದುಡಿಸುವ ಮೊದಲು ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕೆಂಬುದು ಕಾಯ್ದೆಯ ಸಾಮಾನ್ಯ ನಿಯಮ. ಅರ್ಧ ಗಂಟೆ ಸಾಲದು. ಊಟಕ್ಕೆ ಪೂರ್ತಿ ಒಂದು ಗಂಟೆ ಕೊಟ್ಟು ನೋಡಿ: ದಿನದ ಕೆಲಸ ಎಂಟೂವರೆ ಗಂಟೆ, ಐದು ದಿನಕ್ಕೆ ನಲವತ್ತೆರಡೂವರೆ, ಶನಿವಾರ ಸೇರಿ ನಲವತ್ತಾರೂವರೆ. ಬರುವ, ಹೊರಡುವ ಹೊತ್ತನ್ನು ಮುಟ್ಟದೆ, ಊಟಕ್ಕೆ ಅರ್ಧ ಗಂಟೆ ಹೆಚ್ಚು ಕೊಟ್ಟರೆ ಎರಡೂ ದೋಷ ಒಟ್ಟಿಗೇ ಸರಿಹೋಗುತ್ತವೆ.

ಇನ್ನು ರಜೆ. ಇಲ್ಲಿ ಪೆಟ್ಟು ಕಣ್ಣಿಗೆ ಬೀಳುವುದು ಕಷ್ಟ, ಏಕೆಂದರೆ ಮೂರು ಬಗೆಯ ರಜೆಗಳನ್ನು ಒಂದೇ ಸಂಖ್ಯೆಯಲ್ಲಿ ಬೆರೆಸಿದ್ದಾರೆ. ಬಿಡಿಸಿ ನೋಡೋಣ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳಸಹಿತ ಗಳಿಕೆ ರಜೆ ಸಿಗಬೇಕು. ವರ್ಷದಲ್ಲಿ 240 ದಿನ ದುಡಿದವರಿಗೆ ಇದೇ 12 ದಿನ. ಕಾಯಿಲೆ ಬಿದ್ದರೆ ವರ್ಷಕ್ಕೆ 12 ದಿನದವರೆಗೆ ಬೇರೆ ರಜೆ ಇದೆ. ಎರಡೂ ಸೇರಿ 24. ಕ್ಯಾಶುಯಲ್ ಲೀವ್ ಕಂಪನಿ ತಾನಾಗಿ ಕೊಡುವಂಥದ್ದು, ಅದನ್ನು ಕೈಬಿಟ್ಟರೂ 18 ಎಂಬುದು ಕಾಯ್ದೆಯ ಲೆಕ್ಕಕ್ಕೆ ಆರು ದಿನ ಕಡಿಮೆ. ಆರೋಗ್ಯವಾಗಿರುವ ಯುವಕನಿಗೆ ಈ ಕೊರತೆ ತಿಳಿಯದೇ ಹೋಗಬಹುದು. ವರ್ಷದಲ್ಲೊಮ್ಮೆ ಊರಿಗೆ ಹೋಗಿ, ಆಮೇಲೆ ಡೆಂಗಿ ಬಂದು ಹತ್ತು ದಿನ ಮಲಗಿದವರಿಗೆ ಸಂಬಳದ ಚೀಟಿಯಲ್ಲೇ ಕಾಣುತ್ತದೆ.

“ಡಿಸೆಂಬರ್ 31ಕ್ಕೆ ರದ್ದು” ಎಂಬ ಸಾಲೂ ನಿಲ್ಲುವುದಿಲ್ಲ. ಬಳಸದ ಗಳಿಕೆ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಕಾಯ್ದೆ ಅವಕಾಶ ಕೊಟ್ಟಿದೆ. ಈ ಮಿತಿ ಮೊದಲು 30 ದಿನ ಇತ್ತು, ನಂತರದ ತಿದ್ದುಪಡಿ ಅದನ್ನು 45ಕ್ಕೆ ಏರಿಸಿತು. ಹಬ್ಬದ ರಜೆಗಳೂ ಈ 18ರೊಳಗೆ ಸೇರುವಂಥವಲ್ಲ. ಅವಕ್ಕೆ 1963ರ ಪ್ರತ್ಯೇಕ ಕಾಯ್ದೆ ಇದ್ದು, ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವಗಳ ಜೊತೆಗೆ ಇನ್ನೂ ಐದು ದಿನ ಸಿಗಬೇಕು.

ಇಂಥ ಮೇಲ್ ಬಂದಾಗ ಜಗಳಕ್ಕೆ ಹೊರಡುವ ಮೊದಲು ಮೂರು ವಿಷಯಗಳನ್ನು ಬರಹದಲ್ಲೇ ಕೇಳಿ: ಇದುವರೆಗೆ ಗಳಿಸಿದ ರಜೆ ಎಷ್ಟು ಉಳಿದಿದೆ? ಈಗಾಗಲೇ ಮಂಜೂರಾದ ರಜೆಗಳ ಗತಿಯೇನು? ವಾರದ ಒಟ್ಟು ಗಂಟೆ ಎಷ್ಟಾಗುತ್ತದೆ? ಹಳೆಯ ರಜೆ ಬಾಕಿ ತೋರಿಸುವ ಪುಟವನ್ನು ಅದೇ ದಿನ ಉಳಿಸಿಕೊಳ್ಳಿ, ಹೊಸ ನಿಯಮ ಜಾರಿಯಾದ ಮೇಲೆ ಅಂಕಿ ಬದಲಾಗಬಹುದು. ಅನೇಕ ಸಲ ಮೇಲ್ ಬರೆದವರಿಗೂ ಕಾಯ್ದೆ ಗೊತ್ತಿರುವುದಿಲ್ಲ. ಬೇರೆ ರಾಜ್ಯದ ಮುಖ್ಯ ಕಚೇರಿಯ ನಿಯಮವನ್ನೇ ಇಲ್ಲಿಗೂ ಕಳಿಸಿರುತ್ತಾರೆ. 49 ಗಂಟೆಯ ಲೆಕ್ಕವನ್ನು ನಾಲ್ಕು ಸಾಲಲ್ಲಿ ಬರೆದು ತೋರಿಸಿದರೆ ಅಲ್ಲೇ ತಿದ್ದುಪಡಿಯಾಗುವ ಸಾಧ್ಯತೆ ಇದೆ. ಆಗದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಬಹುದು. ಆಗ ಆ ಮೇಲ್, ನೀವು ಬರೆದ ಪ್ರಶ್ನೆ, ಉಳಿಸಿಕೊಂಡ ಪುಟ, ಮೂರೂ ನಿಮ್ಮ ಪರ ಸಾಕ್ಷಿಯಾಗುತ್ತವೆ.