ಗರ್ಭ ನಿಂತದ್ದು ಗೊತ್ತಾಗುವ ಮೊದಲೇ ಮುಗಿಯುವ ಕೆಲಸ

ಒಬ್ಬ ಹೆಣ್ಣುಮಗಳಿಗೆ ಜನವರಿ 1ರಂದು ಮುಟ್ಟಾಯಿತು ಎಂದುಕೊಳ್ಳಿ. 28 ದಿನಕ್ಕೊಮ್ಮೆ ತಪ್ಪದೆ ಆಗುವವಳು. ಹಾಗಿದ್ದರೆ ಗರ್ಭ ಕಟ್ಟುವುದು ಹೆಚ್ಚುಕಡಿಮೆ ಜನವರಿ 15ಕ್ಕೆ. ಮುಂದಿನ ಮುಟ್ಟು 29ಕ್ಕೆ ಬರಬೇಕಿತ್ತು, ಬರಲಿಲ್ಲ. ಒಂದೆರಡು ದಿನ ಹಿಂದೆ ಮುಂದೆ ಆಗುವುದುಂಟು ಎಂದು ಸುಮ್ಮನಿರುತ್ತಾಳೆ, ಹಾಗೇ ಒಂದು ವಾರ ಕಳೆಯುತ್ತದೆ. ಮೆಡಿಕಲ್ ಶಾಪಿನಿಂದ ಕಿಟ್ ತರಿಸಿ ನೋಡಿದರೆ ಎರಡು ಗೆರೆ. ಅತ್ತೆಗೆ ಹೇಳಿ, ಗಂಡನಿಗೆ ರಜೆ ಸಿಕ್ಕ ದಿನ ಡಾಕ್ಟರ ಹತ್ತಿರ ಹೋಗಿ, ಅವರು ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಡುವ ಹೊತ್ತಿಗೆ ಫೆಬ್ರವರಿ 15. ಇದರಲ್ಲಿ ಯಾರೂ ತಡಮಾಡಲಿಲ್ಲ. ಆದರೂ ಆ ಮಾತ್ರೆ ಯಾವ ಅನಾಹುತವನ್ನು ತಪ್ಪಿಸಬೇಕಿತ್ತೋ ಅದರ ಗಡುವು ಮೂರು ದಿನ ಮೊದಲೇ ಮುಗಿದಿರುತ್ತದೆ.

ಆ ಕೆಲವು ದಿನಗಳಲ್ಲಿ ಹೊಟ್ಟೆಯೊಳಗೆ ನಡೆದದ್ದೇನು? ಫೆಬ್ರವರಿ 2ರ ಸುಮಾರಿಗೆ, ಅಂದರೆ ಗರ್ಭ ಕಟ್ಟಿದ 18ನೇ ದಿನದ ಹೊತ್ತಿಗೆ, ಭ್ರೂಣವೆಂಬುದು ಒಂದೆರಡು ಮಿಲಿಮೀಟರಿನ ಚಪ್ಪಟೆ ಬಿಲ್ಲೆ. ಅದರ ಮೇಲ್ಪದರದಲ್ಲಿ, ನಟ್ಟನಡುವೆ ಉದ್ದಕ್ಕೂ, ಜೀವಕೋಶಗಳು ದಪ್ಪಗಾಗಿ ಒಂದು ಪಟ್ಟಿ ಮೂಡುತ್ತದೆ. ಪಟ್ಟಿಯ ಕೆಳಗೆ ನೋಟೊಕಾರ್ಡ್ ಎಂಬ ಸಣ್ಣ ಕಡ್ಡಿಯಂಥ ರಚನೆಯಿದೆ. ಅಲ್ಲಿಂದ ಹೊರಡುವ ರಾಸಾಯನಿಕ ಸೂಚನೆಗಳ ಪ್ರಕಾರ ಪಟ್ಟಿಯ ನಡುಭಾಗ ತಗ್ಗುತ್ತದೆ, ಎರಡೂ ಅಂಚುಗಳು ಏಳುತ್ತವೆ. ವೀಳ್ಯದೆಲೆಯನ್ನು ನಡುನರದ ಗುಂಟ ಮಡಿಚಿದಂತೆ ಅಂಚುಗಳು ಒಂದರ ಕಡೆಗೊಂದು ಬಾಗಿ, ಸುಮಾರು 22ನೇ ದಿನ, ಮುಂದೆ ಕುತ್ತಿಗೆ ಬರಲಿರುವ ಜಾಗದಲ್ಲಿ ಮೊದಲು ಕೂಡಿಕೊಳ್ಳುತ್ತವೆ. ಅಲ್ಲಿಂದ ಕೂಡಿಕೆ ತಲೆಯ ಕಡೆಗೂ ಬುಡದ ಕಡೆಗೂ ಸಾಗುತ್ತದೆ. ತಲೆಯ ತುದಿಯ ಬಾಯಿ 25ನೇ ದಿನದ ಆಸುಪಾಸಿನಲ್ಲಿ ಮುಚ್ಚುತ್ತದೆ, ಬುಡದ ಬಾಯಿ 27 ಅಥವಾ 28ನೇ ದಿನ. ನಮ್ಮ ಲೆಕ್ಕದಲ್ಲಿ ಅದು ಫೆಬ್ರವರಿ 12. ಹೀಗೆ ಆದ ಕೊಳವೆಯೇ ನರನಾಳ. ಅದರ ಮೇಲ್ಭಾಗ ಮಿದುಳಾಗುತ್ತದೆ, ಉಳಿದದ್ದು ಬೆನ್ನುಹುರಿ. ಬೆನ್ನುಮೂಳೆ ಆಮೇಲೆ ಅದರ ಸುತ್ತ ಬೆಳೆಯುತ್ತದೆ.

ಈ ಮುಚ್ಚುವಿಕೆ ಎಲ್ಲಿ ತಪ್ಪಿತು ಎನ್ನುವುದರ ಮೇಲೆ ಮಗುವಿನ ಗತಿ ನಿಂತಿದೆ. ತಲೆಯ ಬಾಯಿ ಮುಚ್ಚದಿದ್ದರೆ ಮಿದುಳಿನ ಹೆಚ್ಚಿನ ಭಾಗವೂ ಬುರುಡೆಯ ಮೇಲ್ಭಾಗವೂ ಬೆಳೆಯುವುದಿಲ್ಲ. ಇದು ಅನೆನ್ಸೆಫಲಿ. ಇಂಥ ಮಕ್ಕಳು ಹೊಟ್ಟೆಯಲ್ಲೇ ತೀರಿಕೊಳ್ಳುತ್ತವೆ, ಇಲ್ಲವೇ ಹುಟ್ಟಿ ಕೆಲವು ಗಂಟೆ ಅಥವಾ ಕೆಲವು ದಿನ ಬದುಕುತ್ತವೆ. ಬೆನ್ನಿನ ಭಾಗ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ. ಮೂಳೆಯ ಹಿಂಭಾಗದ ಕಮಾನು ಕೂಡುವುದಿಲ್ಲ, ಬೆನ್ನುಹುರಿ ಚರ್ಮದ ಹೊದಿಕೆಯೂ ಇಲ್ಲದೆ ಹೊರಕ್ಕೆ ತೆರೆದುಕೊಂಡಿರುತ್ತದೆ. ಹೆಚ್ಚಾಗಿ ಇದು ಸೊಂಟದ ಹತ್ತಿರ, ನೀರು ತುಂಬಿದ ಒಂದು ಗಂಟಿನಂತೆ ಕಾಣುತ್ತದೆ. ಆ ಮಟ್ಟದಿಂದ ಕೆಳಗಿನ ನರಗಳು ಕೆಲಸ ಮಾಡುವುದಿಲ್ಲವಾದ್ದರಿಂದ ಗಂಟು ಎಷ್ಟು ಮೇಲಿದೆಯೋ ಕಾಲಿನ ಶಕ್ತಿ ಅಷ್ಟು ಕಡಿಮೆ. ಕೆಳಗಿದ್ದರೆ ಮಗು ಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆದೀತು, ಆದರೂ ಮೂತ್ರ ಮತ್ತು ಮಲದ ಹಿಡಿತ ಬಹುಪಾಲು ಮಕ್ಕಳಿಗೆ ಇರುವುದಿಲ್ಲ. ದಿನಕ್ಕೆ ಹಲವು ಸಲ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ತಾಯಿ ಕಲಿಯಬೇಕಾಗುತ್ತದೆ, ಬೆಳೆದ ಮೇಲೆ ಮಗುವೇ ಕಲಿಯಬೇಕಾಗುತ್ತದೆ. ಅದರಲ್ಲಿ ಅಸಡ್ಡೆಯಾದರೆ ಕಿಡ್ನಿ ಕೆಡುತ್ತದೆ.

ಇಲ್ಲೊಂದು ಗಾಬರಿ ತಪ್ಪಿಸಬೇಕು. ಬೆನ್ನುನೋವಿಗೆಂದು ತೆಗೆಸಿದ ಎಕ್ಸ್‌ರೇ ವರದಿಯಲ್ಲಿ ‘ಸ್ಪೈನಾ ಬೈಫಿಡಾ ಅಕಲ್ಟಾ’ ಎಂದು ಬರೆದಿರುವುದನ್ನು ನೋಡಿ ಕೆಲವರು ಹೆದರುತ್ತಾರೆ. ಅಲ್ಲಿ ಮೂಳೆಯಲ್ಲಿ ಮಾತ್ರ ಸಣ್ಣ ಬಿರುಕು, ಹುರಿಗೆ ಏನೂ ಆಗಿರುವುದಿಲ್ಲ. ಬಹಳ ಜನರಲ್ಲಿ ಇದು ಇರುತ್ತದೆ, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ತೆರೆದ ಸ್ಪೈನಾ ಬೈಫಿಡಾವನ್ನು 18ರಿಂದ 20ನೇ ವಾರದ ಸ್ಕ್ಯಾನಿನಲ್ಲಿ ಹಿಡಿಯಬಹುದು. ಸ್ಕ್ಯಾನ್ ಮಾಡುವವರಿಗೆ ಸುಳಿವು ಎಷ್ಟೋ ಸಲ ಸಿಗುವುದು ಬೆನ್ನಿನಲ್ಲಲ್ಲ, ತಲೆಯಲ್ಲಿ. ತೆರೆದ ಜಾಗದಿಂದ ಬೆನ್ನುಹುರಿಯ ದ್ರವ ಸೋರುತ್ತಿರುವುದರಿಂದ ಮಿದುಳಿನ ಹಿಂಭಾಗ ಕೆಳಕ್ಕೆ, ಕುತ್ತಿಗೆಯತ್ತ ಜಾರಿರುತ್ತದೆ. ಅದರಿಂದ ಹಣೆಯ ಎರಡೂ ಪಕ್ಕ ಒಳಕ್ಕೆ ತಗ್ಗಿ ತಲೆ ನಿಂಬೆಹಣ್ಣಿನ ಆಕಾರದಲ್ಲಿ ಕಾಣುತ್ತದೆ, ಕಿರುಮಿದುಳು ಬಾಳೆಹಣ್ಣಿನಂತೆ ಬಾಗಿರುತ್ತದೆ. ರೇಡಿಯಾಲಜಿಯಲ್ಲಿ ಇವಕ್ಕೆ ‘ಲೆಮನ್ ಸೈನ್’, ‘ಬನಾನಾ ಸೈನ್’ ಎಂದೇ ಹೆಸರು. ಮಿದುಳು ಹೀಗೆ ಜಾರಿ ದ್ರವದ ದಾರಿ ಕಟ್ಟಿಕೊಳ್ಳುವುದರಿಂದಲೇ ಎಷ್ಟೋ ಮಕ್ಕಳಿಗೆ ತಲೆಯಲ್ಲಿ ನೀರು ತುಂಬುತ್ತದೆ, ಅದನ್ನು ಹೊಟ್ಟೆಗೆ ಹರಿಸಲು ಷಂಟ್ ಎಂಬ ನಳಿಕೆ ಹಾಕಬೇಕಾಗುತ್ತದೆ. ಬೆನ್ನಿನ ಗಂಟನ್ನು ಹುಟ್ಟಿದ ಎರಡು ಮೂರು ದಿನದೊಳಗೆ ಆಪರೇಷನ್ ಮಾಡಿ ಮುಚ್ಚುತ್ತಾರೆ. ಸೋಂಕು ತಡೆಯಲು ಅದು ಬೇಕೇ ಬೇಕು, ಆದರೆ ಕಳೆದುಹೋದ ನರದ ಶಕ್ತಿ ಅದರಿಂದ ಮರಳುವುದಿಲ್ಲ.

ಈ ದೋಷಕ್ಕೂ ಫೋಲಿಕ್ ಆಸಿಡ್ಡಿಗೂ ನಂಟಿರಬಹುದು ಎಂಬ ಅನುಮಾನವನ್ನು ಬ್ರಿಟನ್ನಿನ ಹಿಬರ್ಡ್ ಮತ್ತು ಸ್ಮಿಥೆಲ್ಸ್ ಎಂಬ ವೈದ್ಯರು 1965ರಲ್ಲೇ ಮುಂದಿಟ್ಟಿದ್ದರು. ಅದನ್ನು ಇತ್ಯರ್ಥ ಮಾಡಿದ್ದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪ್ರಯೋಗ. ಹಿಂದೊಮ್ಮೆ ನರನಾಳ ದೋಷದ ಮಗು ಆಗಿದ್ದು, ಮತ್ತೆ ಗರ್ಭ ಧರಿಸಲು ಬಯಸಿದ ಹೆಂಗಸರನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವರಿಗೆ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟರು, ಕೆಲವರಿಗೆ ಅದಿಲ್ಲದ ಮಾತ್ರೆ ಕೊಟ್ಟರು. ಅದಿಲ್ಲದ 602 ಬಸಿರುಗಳಲ್ಲಿ 21ರಲ್ಲಿ ದೋಷ ಮರುಕಳಿಸಿತು, ಫೋಲಿಕ್ ಆಸಿಡ್ ಪಡೆದ 593ರಲ್ಲಿ ಬರೀ 6ರಲ್ಲಿ. ಇಷ್ಟು ಸ್ಪಷ್ಟವಾದ ಮೇಲೆ ಅರ್ಧ ಜನರಿಗೆ ಅದನ್ನು ಕೊಡದಿರುವುದು ಸರಿಯಲ್ಲವೆಂದು 1991ರಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಮರುವರ್ಷ ಹಂಗೇರಿಯಿಂದ ಬಂದ ವರದಿ, ಮೊದಲ ಸಲ ಗರ್ಭಿಣಿಯಾಗುವವರಿಗೂ ಇದು ಅನ್ವಯಿಸುತ್ತದೆ ಎಂದು ತೋರಿಸಿತು.

ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ. 1980ರ ದಶಕದಲ್ಲಿ ಮಕ್ಕಳ ತಜ್ಞ ಎಂ. ಎಲ್. ಕುಲಕರ್ಣಿ ಮತ್ತು ಸಂಗಡಿಗರು ದಾವಣಗೆರೆಯ ಆಸ್ಪತ್ರೆ ಹೆರಿಗೆಗಳನ್ನು ಲೆಕ್ಕ ಹಾಕಿದಾಗ ಸಾವಿರಕ್ಕೆ 11.4ರಲ್ಲಿ ನರನಾಳ ದೋಷ ಕಂಡುಬಂದಿತ್ತು. ಈ ಲೆಕ್ಕ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ತೊಡಕಿನ ಹೆರಿಗೆಗಳು ಹೆಚ್ಚು ಬರುತ್ತವೆ ಎಂದು ಸ್ವಲ್ಪ ಕಳೆದರೂ ಅದು ಬಲು ದೊಡ್ಡ ಸಂಖ್ಯೆ.

ಫೋಲಿಕ್ ಆಸಿಡ್ ಮಾಡುವುದೇನು? ಜೀವಕೋಶ ಎರಡಾಗಬೇಕಾದರೆ ಡಿಎನ್ಎಯ ಇನ್ನೊಂದು ಪ್ರತಿ ತಯಾರಾಗಬೇಕು. ಅದಕ್ಕೆ ಬೇಕಾದ ಬಿಡಿಭಾಗಗಳನ್ನು ಕಟ್ಟಲು ಫೋಲೇಟ್ ಬೇಕು. ನರನಾಳದ ಅಂಚುಗಳು ಏಳುವಾಗ ಕೋಶಗಳು ಭರದಿಂದ ದ್ವಿಗುಣಗೊಳ್ಳುತ್ತಿರುತ್ತವೆ. ಆಗ ಫೋಲೇಟ್ ಕಡಿಮೆಬಿದ್ದರೆ ಅಂಚುಗಳು ಹೊತ್ತಿಗೆ ಸರಿಯಾಗಿ ಒಂದನ್ನೊಂದು ಮುಟ್ಟುವುದಿಲ್ಲ. ಹೊತ್ತು ಮೀರಿದ ಮೇಲೆ ಫೋಲೇಟ್ ಬಂದರೂ ಬಿಟ್ಟ ಬಾಯಿ ಕೂಡಿಕೊಳ್ಳುವುದಿಲ್ಲ. ಜೊತೆಗೆ ತಾಯಿಯ ಮೈಯಲ್ಲಿ ಫೋಲೇಟ್ ಸಾಕಷ್ಟಾಗಲು ಕಾಲ ಬೇಕು. ಕೆಂಪು ರಕ್ತಕಣಗಳು ತಯಾರಾಗುವಾಗಲೇ ಅದನ್ನು ತುಂಬಿಕೊಳ್ಳುತ್ತವೆ, ಒಂದೊಂದು ಕಣವೂ 120 ದಿನ ಬದುಕುತ್ತದೆ. ಹಾಗಾಗಿ ಇವತ್ತು ಮಾತ್ರೆ ಶುರುಮಾಡಿದರೆ ಮಟ್ಟ ಏರುವುದು ವಾರಗಳ ಮೇಲೆ. ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲು, ಆದರೆ ಎರಡು ಮೂರು ತಿಂಗಳು ಮೊದಲೇ ಶುರುಮಾಡಿ ಎನ್ನುವುದು ಇದಕ್ಕೇ.

ಸೊಪ್ಪು, ಕಾಳು ತಿಂದರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಪಾಲಕ್, ಹೆಸರುಕಾಳು, ಕಡಲೆಯಲ್ಲಿ ಫೋಲೇಟ್ ಧಾರಾಳವಾಗಿದೆ. ಆದರೆ ಅದು ಬಿಸಿಗೆ ಒಂದಷ್ಟು ನಾಶವಾಗುತ್ತದೆ, ಬೇಯಿಸಿದ ನೀರಿಗೆ ಇನ್ನೊಂದಷ್ಟು ಇಳಿಯುತ್ತದೆ. ಆ ಬಸಿದ ನೀರಿನಲ್ಲೇ ಬಸ್ಸಾರು ಮಾಡುವ ಮನೆಗಳು ಇಳಿದದ್ದನ್ನಾದರೂ ಉಳಿಸಿಕೊಳ್ಳುತ್ತವೆ, ಚೆಲ್ಲುವವರಿಗೆ ಅದೂ ಇಲ್ಲ. ಉಳಿದದ್ದನ್ನೂ ದೇಹ ಮಾತ್ರೆಯಲ್ಲಿರುವಷ್ಟು ಸಲೀಸಾಗಿ ಹೀರಿಕೊಳ್ಳುವುದಿಲ್ಲ. ಊಟ ಚೆನ್ನಾಗಿರಲಿ, ಜೊತೆಗೆ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ ಇರಲಿ. ಅದನ್ನು ಮೂರು ತಿಂಗಳು ತುಂಬುವವರೆಗೆ ಮುಂದುವರಿಸಬೇಕು.

ಎಲ್ಲರಿಗೂ ಇದೇ ಪ್ರಮಾಣವಲ್ಲ. ಹಿಂದೆ ಇಂಥ ಮಗು ಆಗಿದ್ದವರಿಗೆ ಇದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ ಬೇಕು. ನಮ್ಮಲ್ಲಿ ಸಿಗುವ 5 ಮಿಲಿಗ್ರಾಂ ಮಾತ್ರೆಯನ್ನೇ ಡಾಕ್ಟರು ಸಾಮಾನ್ಯವಾಗಿ ಬರೆಯುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಮತ್ತು ಮೂರ್ಛೆರೋಗಕ್ಕೆ ವಾಲ್ಪ್ರೊಯೇಟ್ ತೆಗೆದುಕೊಳ್ಳುವವರಲ್ಲೂ ಅಪಾಯ ಹೆಚ್ಚು. ಅವರು ಗರ್ಭಕ್ಕೆ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು, ಮೂರ್ಛೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಮಾಂಸ, ಮೊಟ್ಟೆ ತಿನ್ನದವರು ಬಿ12 ಕೊರತೆಯನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ದೊಡ್ಡ ಪ್ರಮಾಣದ ಫೋಲಿಕ್ ಆಸಿಡ್ ಆ ಕೊರತೆಯ ರಕ್ತಹೀನತೆಯನ್ನು ಮರೆಮಾಚಿ ನರದ ಹಾನಿಯನ್ನು ಹಾಗೇ ಬಿಡಬಹುದು. ಇಷ್ಟೆಲ್ಲ ಮಾಡಿದರೂ ಕೆಲವು ನರನಾಳ ದೋಷಗಳು ಆಗಿಯೇ ಆಗುತ್ತವೆ. ಅವಕ್ಕೆ ವಂಶವಾಹಿಯಂಥ ಬೇರೆ ಕಾರಣಗಳಿವೆ. ಮಾತ್ರೆ ತಪ್ಪದೆ ತೆಗೆದುಕೊಂಡ ತಾಯಿಗೂ ಹೀಗಾದರೆ ಅದು ಆಕೆಯ ತಪ್ಪಲ್ಲ.

ಯೋಚಿಸಿ ಗರ್ಭ ಧರಿಸುವವರು ಎಲ್ಲ ಕಡೆಯೂ ಕಡಿಮೆ. ಆದ್ದರಿಂದಲೇ ಅಮೆರಿಕ 1998ರಿಂದ ಗೋಧಿಹಿಟ್ಟಿಗೆ, ಕಿಲೋಗೆ 1,400 ಮೈಕ್ರೋಗ್ರಾಂನಂತೆ, ಫೋಲಿಕ್ ಆಸಿಡ್ ಬೆರೆಸುವುದನ್ನು ಕಡ್ಡಾಯ ಮಾಡಿತು. ಅಲ್ಲಿ ನರನಾಳ ದೋಷಗಳು ಸುಮಾರು ಮೂರನೇ ಒಂದರಷ್ಟು ಇಳಿದವು. ನಮ್ಮ ರೇಷನ್ ಅಂಗಡಿಯ ಸಾರವರ್ಧಿತ ಅಕ್ಕಿಯಲ್ಲೂ ಅದಿದೆ, ಆದರೆ ನಿಯಮದ ಪ್ರಕಾರ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಮಾತ್ರ. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೂ ಸಿಗುವುದು 30ರ ಆಸುಪಾಸು. ಶಾಲೆಯ ಹುಡುಗಿಯರಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 500 ಮೈಕ್ರೋಗ್ರಾಂ ಇದೆ. ಅದು ರಕ್ತಹೀನತೆಗೆಂದು ಇರುವುದು, ದಿನದ ಲೆಕ್ಕಕ್ಕೆ 70ರ ಹತ್ತಿರ ಬರುತ್ತದೆ. ಎರಡನ್ನೂ ಸೇರಿಸಿದರೂ 400 ಆಗುವುದಿಲ್ಲ.

ಉಳಿಯುವುದು ದಿನದ ಮಾತ್ರೆಯೊಂದೇ. ಗರ್ಭಕ್ಕೆ ಮೊದಲೇ ಅದನ್ನು ಕೊಡಬೇಕೆಂದು ಕೇಂದ್ರದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮವೂ ಹೇಳುತ್ತದೆ. ಆದರೆ ತಾಯಿ ಕಾರ್ಡ್ ಮಾಡಿಸುವುದು ಗರ್ಭ ನಿಂತ ಮೇಲೆ, ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟುವುದು ಅದಕ್ಕೂ ಆಮೇಲೆ, ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂಬ ಮನೆಗಳಲ್ಲಂತೂ ಇನ್ನೂ ತಡ. ಮದುವೆಯಾದ ವರ್ಷದೊಳಗೇ ಮೊದಲ ಬಸಿರು ಎನ್ನುವುದು ನಮ್ಮಲ್ಲಿ ಮಾಮೂಲು. ಅಂಥ ಮನೆಗಳಲ್ಲಿ ಮಾತ್ರೆ ಶುರುವಾಗಬೇಕಾದದ್ದು ಲಗ್ನಪತ್ರಿಕೆ ಅಚ್ಚಾಗುವ ತಿಂಗಳಿಂದ. ಎರಡನೆಯ ಮಗುವಿಗಾದರೆ, ಕಾಪರ್-ಟಿ ತೆಗೆಸುವ ಇಲ್ಲವೇ ಗರ್ಭನಿರೋಧಕ ಮಾತ್ರೆ ನಿಲ್ಲಿಸುವ ಮೊದಲೇ.